ಶೇ 6.10 ಬಡ್ಡಿಯ ಬಾಂಡ್ ನನಗೆ ಶೇ 7.40 ಕೊಡುವುದು ಹೇಗೆ

ಮೈಸೂರಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಕೈಗೆ ಬಂದ ಹಣದಲ್ಲಿ ಒಂದಿಷ್ಟನ್ನು ಸರ್ಕಾರಿ ಬಾಂಡ್‌ಗಳಲ್ಲಿ ಇಟ್ಟಿದ್ದೇನೆ. ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ 2021ರ ನವೆಂಬರಿನಲ್ಲಿ ಜನಸಾಮಾನ್ಯರಿಗೆ ತೆರೆದ ಮೇಲೆ ದಲ್ಲಾಳಿಯ ಹಂಗಿಲ್ಲದೆ ಮನೆಯಲ್ಲೇ ಕುಳಿತು ಕೊಳ್ಳಬಹುದಾಯಿತು. ನಾನು ಕೊಂಡವುಗಳ ಪೈಕಿ ಒಂದರ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ. ಮದ್ದೂರಿನ ಕಡೆ ಆಲೆಮನೆ ನಡೆಸುವ ನಮ್ಮ ಭಾವ ಅದರ ಬಗ್ಗೆ ಇಡೀ ಒಂದು ಭಾನುವಾರ ನನ್ನೊಡನೆ ವಾದಿಸಿದ್ದರು.

ಬಾಂಡಿನ ಹೆಸರು 6.10% GS 2031. ಕೇಂದ್ರ ಸರ್ಕಾರ ಇದನ್ನು 2021ರ ಜುಲೈನಲ್ಲಿ ಹೊರಡಿಸಿತು. 2031ರ ಜುಲೈ 12ರಂದು ಅಸಲು ಮರಳುತ್ತದೆ. ಪ್ರತಿ ಜನವರಿ ಮತ್ತು ಜುಲೈ 12ಕ್ಕೆ ಅರ್ಧ ವರ್ಷದ ಬಡ್ಡಿ ಬರುತ್ತದೆ. ಹೊರಡಿಸಿದಾಗ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ 4 ಇತ್ತು. ಆ ಕಾಲಕ್ಕೆ 6.10 ಸರಿಯಾದ ಬಡ್ಡಿಯೇ. 2022ರ ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ರೆಪೊ ಏರಿಸತೊಡಗಿತು. ಹೊಸ ಬಾಂಡಿಗೆ ಏಳೂಕಾಲು, ಏಳೂವರೆ ಸಿಗುವಾಗ ಹಳೆಯ 6.10ನ್ನು ಪೂರ್ತಿ ಬೆಲೆ ಕೊಟ್ಟು ಯಾರು ಕೊಳ್ಳುತ್ತಾರೆ? ಬಾಂಡಿನ ಮೇಲೆ ಅಚ್ಚಾದ ಬಡ್ಡಿಯನ್ನು ಬದಲಿಸಲಾಗದು, ಹಾಗಾಗಿ ಬೆಲೆ ಇಳಿಯಿತು. 2022ರ ಜುಲೈ 12ರ ಸೆಟ್ಲ್‌ಮೆಂಟ್‌ಗೆ ನೂರು ರೂಪಾಯಿ ಮುಖಬೆಲೆಗೆ ₹91.57ರಂತೆ ನಾನು ಒಂದು ಲಕ್ಷ ಮುಖಬೆಲೆಯ ಬಾಂಡ್ ಕೊಂಡೆ. ಕೊಟ್ಟದ್ದು ₹91,570.

ಬಡ್ಡಿಯ ದಿನವೇ ಕೈಬದಲಾದದ್ದರಿಂದ ಲೆಕ್ಕ ಚೊಕ್ಕವಾಗಿದೆ. ಅಕ್ಟೋಬರ್ 12ಕ್ಕೆ ಕೊಂಡಿದ್ದರೆ, ಮಾರುವವನು ಬಾಂಡನ್ನು ಇಟ್ಟುಕೊಂಡಿದ್ದ ಮೂರು ತಿಂಗಳ ಬಡ್ಡಿ ₹1,525ನ್ನು ಬೆಲೆಯ ಮೇಲೆ ಸೇರಿಸಿ ಕೊಡಬೇಕಿತ್ತು. ಮುಂದಿನ ಜನವರಿಯಲ್ಲಿ ಪೂರ್ತಿ ಬಡ್ಡಿ ನಮಗೇ ಬರುವುದರಿಂದ ಅದು ನಷ್ಟವಲ್ಲ. ಆದರೆ ಪರದೆಯ ಮೇಲಿನ ಬೆಲೆಯಲ್ಲಿ ಅದು ಕಾಣುವುದಿಲ್ಲ. ಖಾತೆಯಿಂದ ಹೆಚ್ಚು ಹಣ ಹೋಯಿತೆಂದು ಗಾಬರಿಯಾಗುವವರು ಇದನ್ನೇ ನೋಡಬೇಕು.

ಈಗ ಭಾವನ ಪ್ರಶ್ನೆ. “ಏನಯ್ಯ ಮೇಷ್ಟ್ರೇ, ಆರು ಪರ್ಸೆಂಟಿನ ಕಾಗದಕ್ಕೆ ಒಂಬತ್ತು ವರ್ಷ ದುಡ್ಡು ಕಟ್ಟಿಹಾಕಿದ್ದೀಯಲ್ಲ?” 6.10 ಎಂಬುದು ಮುಖಬೆಲೆಯ ಮೇಲಿನ ಬಡ್ಡಿ, ಅಂದರೆ ಕೂಪನ್ ದರ. ವರ್ಷಕ್ಕೆ ಬರುವುದು ₹6,100 ನಿಜ. ಆದರೆ ನಾನು ಹಾಕಿದ್ದು ಒಂದು ಲಕ್ಷವಲ್ಲ. 91,570ಕ್ಕೆ 6,100 ಎಂದರೆ ಶೇ 6.66. ಇದಕ್ಕೆ ಚಾಲ್ತಿ ಇಳುವರಿ ಎನ್ನುತ್ತಾರೆ. ಅದರ ಮೇಲೆ ಕೊನೆಯ ದಿನ ಮುಖಬೆಲೆ ಪೂರ್ತಿ ಬರುತ್ತದೆ, ಅದರಲ್ಲಿ ₹8,430 ನಾನು ಕೊಡದೇ ಇದ್ದ ಹಣ.

ಭಾವ ಲೆಕ್ಕದಲ್ಲಿ ಹಿಂದೆ ಬೀಳುವವರಲ್ಲ. 8,430ನ್ನು ಒಂಬತ್ತರಿಂದ ಭಾಗಿಸಿ, ವರ್ಷಕ್ಕೆ ₹937 ಎಂದು 6,100ಕ್ಕೆ ಸೇರಿಸಿ, 91,570ರಿಂದ ಭಾಗಿಸಿ “ಹಾಗಾದರೆ 7.68 ಆಯಿತಲ್ಲ” ಎಂದರು. ಹಾಗಾಗುವುದಿಲ್ಲ. ಆ 937 ವರ್ಷವರ್ಷ ಕೈಗೆ ಬರುವುದಿಲ್ಲ. ಇಡೀ 8,430 ಒಂಬತ್ತನೆಯ ವರ್ಷದ ಕೊನೆಯಲ್ಲಿ ಒಟ್ಟಿಗೆ ಬರುತ್ತದೆ. ತಡವಾಗಿ ಬರುವ ಹಣಕ್ಕೆ ಇಂದಿನ ಬೆಲೆ ಕಡಿಮೆ. ಕಾಗದ ಪೆನ್ಸಿಲಿನಲ್ಲಿ ಅಂದಾಜು ಬೇಕಿದ್ದರೆ, ಕೊಂಡ ಬೆಲೆಯ ಬದಲು ಕೊಂಡ ಬೆಲೆ ಮತ್ತು ಮುಖಬೆಲೆಯ ಸರಾಸರಿಯಿಂದ, ಅಂದರೆ 95,785ರಿಂದ ಭಾಗಿಸಬೇಕು. ಆಗ 7.35 ಬರುತ್ತದೆ, ನಿಜದ ಹತ್ತಿರ. ನಿಖರವಾಗಿ ಬೇಕಿದ್ದರೆ ಎಕ್ಸೆಲ್‌ನಲ್ಲಿ ಒಂದೇ ಸಾಲು:

```
=RATE(18, 3.05, -91.57, 100)*2
```

ಹದಿನೆಂಟು ಅರ್ಧ ವರ್ಷಗಳು, ಪ್ರತಿ ಸಲ 3.05, ಇಂದು ಹೋಗುವ 91.57, ಕೊನೆಯಲ್ಲಿ ಬರುವ 100. ಉತ್ತರ ಶೇ 7.40. ಮುಂದೆ ಬರುವ ಎಲ್ಲ ಹಣವನ್ನೂ ಯಾವ ದರದಲ್ಲಿ ಇಂದಿಗೆ ಇಳಿಸಿದರೆ ಮೊತ್ತ ಸರಿಯಾಗಿ 91.57 ಆಗುತ್ತದೋ ಆ ದರವೇ ವೈಟಿಎಂ, ಮುಕ್ತಾಯದವರೆಗಿನ ಇಳುವರಿ.

ಇಷ್ಟಕ್ಕೆ ನಿಲ್ಲಿಸುವವರೇ ಹೆಚ್ಚು. ನನಗೆ ಮುಖ್ಯವೆನಿಸುವುದು ಇದರ ಮುಂದಿನದು. ಆರು ತಿಂಗಳಿಗೊಮ್ಮೆ ಬರುವ ₹3,050ನ್ನೂ 7.40ರಲ್ಲೇ ಮತ್ತೆ ದುಡಿಸಿದರೆ ಮಾತ್ರ ಇಡೀ ಹಣ ಆ ದರದಲ್ಲಿ ಬೆಳೆದು ಕೊನೆಗೆ ಸುಮಾರು ₹1,76,100 ಆಗುತ್ತದೆ. ಬಡ್ಡಿಯನ್ನು ಶೇ 3ರ ಉಳಿತಾಯ ಖಾತೆಯಲ್ಲೇ ಬಿಟ್ಟರೆ ಸಿಗುವುದು ಸುಮಾರು ₹1,62,500. ಆಗ ನಿಜವಾದ ಗಳಿಕೆ 6.48ಕ್ಕೆ ಬಂದು ನಿಲ್ಲುತ್ತದೆ. ಬಾಂಡಿನಲ್ಲಿ ಏನೂ ಕೆಡಲಿಲ್ಲ, ಸರ್ಕಾರ ಒಂದು ಕಂತೂ ತಪ್ಪಿಸಲಿಲ್ಲ, ಆದರೂ ಸುಮಾರು ಒಂದು ಪರ್ಸೆಂಟ್ ಕರಗಿತು. ಅದಕ್ಕೇ ನಾನು ಬಡ್ಡಿ ಬಂದಾಗಲೆಲ್ಲ ಬೇರೆ ಬಾಂಡುಗಳ ಬಡ್ಡಿಯನ್ನೂ ಒಟ್ಟುಮಾಡಿ, ಹತ್ತು ಸಾವಿರ ದಾಟಿದೊಡನೆ ಮತ್ತೆ ಬಾಂಡ್ ಕೊಳ್ಳುತ್ತೇನೆ. ರಿಟೇಲ್ ಡೈರೆಕ್ಟ್‌ನಲ್ಲಿ ಅದಕ್ಕಿಂತ ಚಿಕ್ಕ ಮುಖಬೆಲೆಗೆ ಸರ್ಕಾರಿ ಬಾಂಡ್ ಸಿಗುವುದಿಲ್ಲ.

ತೆರಿಗೆಯಲ್ಲೂ ಒಂದು ಸೂಕ್ಷ್ಮವಿದೆ. ಬಡ್ಡಿ ನಮ್ಮ ಆದಾಯಕ್ಕೆ ಸೇರಿ ನಮ್ಮ ಸ್ಲ್ಯಾಬಿನಲ್ಲಿ ತೆರಿಗೆಗೆ ಒಳಪಡುತ್ತದೆ. ಕೊನೆಯಲ್ಲಿ ಬರುವ 8,430 ಬಂಡವಾಳ ಲಾಭ. ಈಗಿನ ನಿಯಮದಲ್ಲಿ ಅದಕ್ಕೆ ಶೇ 12.5. ಶೇ 30ರ ಸ್ಲ್ಯಾಬಿನವರಿಗೆ, ಸೆಸ್ ಬಿಟ್ಟು ಲೆಕ್ಕ ಹಾಕಿದರೆ, ಮುಖಬೆಲೆಗೇ ಕೊಂಡ 7.40 ಕೂಪನ್ನಿನ ಬಾಂಡ್ ತೆರಿಗೆ ಕಳೆದು 5.18 ಉಳಿಸುತ್ತದೆ, ನನ್ನಂಥ ರಿಯಾಯಿತಿ ಬಾಂಡ್ 5.37 ಉಳಿಸುತ್ತದೆ. ವೈಟಿಎಂ ಎರಡಕ್ಕೂ ಒಂದೇ. ಸ್ಲ್ಯಾಬ್ ಶೇ 12.5ಕ್ಕಿಂತ ಕೆಳಗಿರುವವರಿಗೆ ಈ ಲಾಭ ಇಲ್ಲ, ಲೆಕ್ಕ ತಿರುಗಿಯೂ ಬೀಳಬಹುದು.

ಹಾಗೆಂದು ಭಾವನಿಗೆ ನನ್ನದೇ ಬಾಂಡ್ ಕೊಳ್ಳಿ ಎನ್ನಲಿಲ್ಲ. ನನಗೆ ಪಿಂಚಣಿ ಬರುತ್ತದೆ. ಹಣ ಬೇಕಾಗುವುದು 2031ರ ಹೊತ್ತಿಗೆ. ಅವರದು ಬೆಲ್ಲದ ಬೆಲೆಯ ಜೊತೆ ಏರಿ ಇಳಿಯುವ ಆದಾಯ, ಆಳುಗಳ ಕೂಲಿಗೆ ಆಗಾಗ ನಗದು ಬೇಕು. ಅವರಿಗೆ ನನ್ನ ಬಾಂಡಿನಲ್ಲಿ ಕೈಗೆ ಸಿಗುವುದು 6.66 ಮಾತ್ರ, ಉಳಿದದ್ದು ಒಂಬತ್ತು ವರ್ಷ ಕಾದ ಮೇಲೆ. ಅದೇ ಆಗಸ್ಟಿನಲ್ಲಿ 7.26% GS 2032 ಹೊಸದಾಗಿ ಹರಾಜಿಗೆ ಬಂತು. ಒಂದು ಲಕ್ಷಕ್ಕೆ ಆರು ತಿಂಗಳಿಗೊಮ್ಮೆ ₹3,630. ಅವರು ಅದನ್ನೇ ಕೊಂಡರು. ವೈಟಿಎಂ ನನ್ನದಕ್ಕಿಂತ ತುಸು ಕಡಿಮೆಯಿದ್ದರೂ ಅವರ ಮಟ್ಟಿಗೆ ಅದೇ ಸರಿ.

ಇನ್ನು ನಡುವೆ ಮಾರಿದರೆ 7.40ರ ಮಾತೇ ಇಲ್ಲ. ಕೊಂಡ ಒಂದು ವರ್ಷಕ್ಕೆ ಮಾರುಕಟ್ಟೆಯ ದರ ಶೇ 8ಕ್ಕೆ ಏರಿತೆಂದುಕೊಳ್ಳಿ. ಉಳಿದ ಎಂಟು ವರ್ಷಕ್ಕೆ ಈ ಬಾಂಡಿನ ಬೆಲೆ ₹88.93 ಆಗುತ್ತದೆ. ₹6,100 ಬಡ್ಡಿ ಬಂದಿರುತ್ತದೆ, ಬೆಲೆಯಲ್ಲಿ ₹2,640 ಹೋಗಿರುತ್ತದೆ. ಆ ವರ್ಷದ ಗಳಿಕೆ ಶೇ 3.78. ದರ ಇಳಿದಿದ್ದರೆ ಇದೇ ಲೆಕ್ಕ ನಮ್ಮ ಕಡೆಗೆ ವಾಲುತ್ತಿತ್ತು. 2031ರವರೆಗೆ ಮುಟ್ಟಬೇಕಾಗಿಲ್ಲದ ಹಣವನ್ನು ಮಾತ್ರ ನಾನು ಇದರಲ್ಲಿ ಹಾಕಿದ್ದು ಈ ಕಾರಣಕ್ಕೆ.