ನಿಂಬೆರಸ ಹಿಂಡಿದರೆ ಮೀನು ಬೇಯುವುದಿಲ್ಲ

ಥಾಯ್ಲೆಂಡ್ ಪ್ರವಾಸಕ್ಕೆ ಹೊರಟಿರುವವರು ಇದನ್ನೊಮ್ಮೆ ಓದಿ. ಅಲ್ಲಿನ ಈಶಾನ್ಯ ಭಾಗ ಇಸಾನ್‌ನಲ್ಲಿ ‘ಕೊಯ್ ಪ್ಲಾ’ ತುಂಬಾ ಇಷ್ಟಪಟ್ಟು ತಿನ್ನುತ್ತಾರೆ. ಹೊಳೆ, ಕೆರೆಯ ಸಣ್ಣ ಮೀನನ್ನು ಹಸಿಯಾಗಿಯೇ ಕೊಚ್ಚಿ, ನಿಂಬೆರಸ, ಖಾರದ ಪುಡಿ, ಹುರಿದ ಅಕ್ಕಿಯ ಪುಡಿ ಹಾಕಿ ಕಲಸುತ್ತಾರೆ. ಹುಳಿ ತಾಗಿದ ಮಾಂಸ ಬೆಳ್ಳಗಾಗುತ್ತದೆ. ನೋಡಿದವರಿಗೆ ಬೆಂದಿದೆ ಅಂತಲೇ ಅನಿಸುತ್ತದೆ.

ಆ ಮಾಂಸದೊಳಗೆ ಲಿವರ್ ಫ್ಲೂಕ್ ಎಂಬ ಹುಳುವಿನ ಮರಿಗಳು ಇರಬಹುದು. ಬರಿಗಣ್ಣಿಗೆ ಕಾಣುವುದಿಲ್ಲ, ವಾಸನೆಯಲ್ಲೂ ಗೊತ್ತಾಗುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಪಿತ್ತನಾಳ ಸೇರಿ ವರ್ಷಗಟ್ಟಲೆ ಬದುಕುತ್ತವೆ. ಜಾಸ್ತಿ ಜನಕ್ಕೆ ಯಾವ ತೊಂದರೆಯೂ ಕಾಣಿಸುವುದಿಲ್ಲ, ಹಾಗಾಗಿ ಪರೀಕ್ಷೆಗೂ ಹೋಗುವುದಿಲ್ಲ. ಇಸಾನ್‌ನಲ್ಲಿ ಪಿತ್ತನಾಳದ ಕ್ಯಾನ್ಸರ್ ಅಷ್ಟೊಂದು ಇರುವುದಕ್ಕೆ ಈ ಹುಳುವೇ ಮುಖ್ಯ ಕಾರಣ. ಪ್ರಾಜಿಕ್ವಾಂಟೆಲ್ ಮಾತ್ರೆಗೆ ಹುಳು ಸಾಯುತ್ತದೆ ನಿಜ, ಆದರೆ ಮತ್ತೆ ಹಸಿ ಮೀನು ತಿಂದರೆ ಮತ್ತೆ ಬರುತ್ತದೆ.

ನಿಂಬೆ, ಖಾರ, ಜೊತೆಗೊಂದು ಪೆಗ್ಗು, ಯಾವುದನ್ನೂ ನಂಬಬೇಡಿ. ಬೆಂಕಿಯೇ ಬೇಕು. ಮೀನಿನ ಒಳಗೆ 63 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲ ಅಲ್ವಾ? ದಪ್ಪ ಜಾಗದಲ್ಲಿ ನಡುಮುಳ್ಳಿನ ಪಕ್ಕ ಚಮಚದಿಂದ ಬಿಡಿಸಿ ನೋಡಿ. ಪದರ ಪದರವಾಗಿ ಸುಲಭಕ್ಕೆ ಬಿಟ್ಟುಕೊಂಡು, ಒಳಗೂ ಪೂರ್ತಿ ಬೆಳ್ಳಗಿದ್ದರೆ ಆಯಿತು. ಮುಳ್ಳಿಗೆ ಅಂಟಿಕೊಂಡು ಅರೆಪಾರದರ್ಶಕವಾಗಿದ್ದರೆ ಇನ್ನೂ ಬೇಯಬೇಕು.

ಫ್ರೀಜ್ ಮಾಡಿದರೂ ಹುಳು ಸಾಯುತ್ತದೆ, ಆದರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು. ಮನೆಯ ಫ್ರೀಜರ್ ಎಷ್ಟೋ ಸಲ ಅಷ್ಟು ತಣ್ಣಗಾಗುವುದೇ ಇಲ್ಲ.