ಹೋಲ್‌ಸೇಲರ್‌ನನ್ನು ಬಿಟ್ಟು ನೇರ ಮಾರಲು ಹೋದಾಗ ಲೆಕ್ಕ ಏನು ಹೇಳಿತು

ಸಗಟು ವ್ಯಾಪಾರಿಗೆ ಹೋಗುವ ಪಾಲು ಉಳಿಸಿ ಆನ್‌ಲೈನಿನಲ್ಲಿ ನೇರ ಮಾರೋಣ ಎಂದು ಹೊರಟಾಗ ನಾವು ಮೊದಲು ಮಾಡಿದ ಕೆಲಸ, ಎರಡೂ ದಾರಿಯ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದದ್ದು. ಸರಕು ಎಲ್‌ಇಡಿ ಬಲ್ಬು. ಗಿರಾಕಿ ಕೊಡುವ ಬೆಲೆ 100 ಎಂದಿಟ್ಟುಕೊಳ್ಳಿ. ಅಂಗಡಿಯವರು ಅದನ್ನು 80ಕ್ಕೆ ಕೊಳ್ಳುತ್ತಾರೆ, ಹೋಲ್‌ಸೇಲರ್ ನಮ್ಮಿಂದ 72ಕ್ಕೆ ಎತ್ತುತ್ತಾರೆ. ಮೇಲ್ನೋಟಕ್ಕೆ ನಡುವಿನ 28 ನಮ್ಮದಾಗಬೇಕು.

ಮೊದಲು ಹೋಲ್‌ಸೇಲರ್‌ನ 8ರಲ್ಲಿ ಏನೇನಿದೆ ನೋಡಿ. 100 ಬಲ್ಬಿನ ಕಾರ್ಟನ್ ಲಾರಿಯಿಂದ ಅವರ ಗೋಡೌನಿನಲ್ಲಿ ಇಳಿಯುತ್ತದೆ. ಅವರು ಅದನ್ನು ಒಡೆದು ಒಂದು ಅಂಗಡಿಗೆ 10, ಇನ್ನೊಂದಕ್ಕೆ 20 ಕೊಡುತ್ತಾರೆ. ನಮಗೆ 15 ದಿನದಲ್ಲಿ ಹಣ ಕೊಟ್ಟು, ಅಂಗಡಿಗಳಿಗೆ 45 ದಿನದ ಉದ್ದರಿ ಕೊಡುತ್ತಾರೆ. ನಡುವಿನ 30 ದಿನದ ಬಂಡವಾಳ ಅವರದು, ಮುಳುಗಿದ ಬಾಕಿಯೂ ಅವರದೇ. ಇದಕ್ಕಿಂತ ದೊಡ್ಡದು ಅವರ ವ್ಯಾನು. ಅದರಲ್ಲಿ ನಮ್ಮ ಬಲ್ಬಿನ ಜೊತೆ ಬೇರೆಯವರ ವೈರು, ಸ್ವಿಚ್ಚು, ಹೋಲ್ಡರ್ ಎಲ್ಲ ಇರುತ್ತವೆ. ಬಾಡಿಗೆ ಅಷ್ಟಕ್ಕೂ ಹಂಚಿಹೋಗುವುದರಿಂದ ಒಂದು ಬಲ್ಬಿಗೆ ಬೀಳುವ ಸಾಗಣೆ ಖರ್ಚು ತೀರಾ ಚಿಲ್ಲರೆ. ಐವರು ತಯಾರಕರು 40 ಅಂಗಡಿಗಳ ಜೊತೆ ನೇರ ವ್ಯವಹಾರ ಮಾಡಿದರೆ 200 ಖಾತೆ ಬೇಕು. ನಡುವೆ ಒಬ್ಬ ಹೋಲ್‌ಸೇಲರ್ ನಿಂತರೆ 45 ಸಾಕು. ಅವರ ಕಸುಬು ನಿಂತಿರುವುದು ಈ ಸರಳ ಗಣಿತದ ಮೇಲೆ.

ಈಗ ನೇರ ಮಾರಾಟ. ನಾಲ್ಕು ಬಲ್ಬಿನ ಆರ್ಡರ್ 100 ಬಂದವು, ಒಂದೊಂದರ ಬೆಲೆ 400. ಅದರಲ್ಲಿ 8 ವಾಪಸ್ ಬಂದವು ಎನ್ನಿ. ನಿಂತ 92 ಆರ್ಡರಿನ ಹಣ 36,800. ಮಾರ್ಕೆಟ್‌ಪ್ಲೇಸ್ ಕಮಿಷನ್ ನೂರಕ್ಕೆ 12ರಂತೆ 4,416. ಹಣ ಪಾವತಿ ಶುಲ್ಕ ನೂರಕ್ಕೆ 2, ಅದನ್ನು ವಾಪಸ್ ಬಂದ ಆರ್ಡರಿಗೂ ಹಿಡಿದುಕೊಳ್ಳುತ್ತಾರೆ: 800. ಕೊರಿಯರ್ ಒಂದಕ್ಕೆ 48ರಂತೆ ಹೋಗಲು 4,800, ಆ ಎಂಟು ಹಿಂದೆ ಬರಲು 384. ಪ್ಯಾಕಿಂಗ್ 1,000. ಜಾಹೀರಾತು ಆರ್ಡರಿಗೆ 30ರಂತೆ 3,000. ಎಲ್ಲ ಕೂಡಿದರೆ 14,400, ಉಳಿದದ್ದು 22,400. ವಾಪಸ್ ಬಂದ 32 ಬಲ್ಬಿನಲ್ಲಿ ಅರ್ಧ ಮತ್ತೆ ಮಾರಲು ಬಾರವು. ಅವನ್ನೂ ಸೇರಿಸಿದರೆ ಖರ್ಚಾದದ್ದು 384 ಬಲ್ಬು. ಬಲ್ಬಿಗೆ ಸಿಕ್ಕಿದ್ದು 58. ಹೋಲ್‌ಸೇಲರ್ ಕೊಡುತ್ತಿದ್ದದ್ದು 72.

ಒಂದೇ ಬಲ್ಬಿನ ಆರ್ಡರಿಗೆ ಇದೇ ಲೆಕ್ಕ ಹಾಕಿದರೆ ಕೊರಿಯರ್ 40, ಪ್ಯಾಕಿಂಗ್ 6 ಆದರೂ 100 ಆರ್ಡರ್ ಮುಗಿಯುವಷ್ಟರಲ್ಲಿ ಬಲ್ಬಿನ ಜೊತೆಗೆ ಇನ್ನೂ 24 ಕೈಯಿಂದ ಹೋಗುತ್ತದೆ. ಹನ್ನೆರಡರ ಆರ್ಡರಿಗೆ ಕೊರಿಯರ್ 90, ಪ್ಯಾಕಿಂಗ್ 20 ಹಿಡಿದರೆ ಬಲ್ಬಿಗೆ 69 ಬರುತ್ತದೆ, 72 ಮುಟ್ಟುವುದಿಲ್ಲ. ನಿಮ್ಮ ಅಂಕಿ ಬೇರೆ ಇರಬಹುದು, ಸಾಲುಗಳು ಮಾತ್ರ ಇವೇ. ಹೆಚ್ಚಿನವರು ಬಿಟ್ಟುಬಿಡುವುದು ವಾಪಸಾತಿಯ ಸಾಲನ್ನು, ಆಮೇಲೆ ಲಾಭ ಎಲ್ಲಿ ಹೋಯಿತೆಂದು ಹುಡುಕುತ್ತಾರೆ.

ಮಧ್ಯವರ್ತಿ ಇಲ್ಲಿ ಮಾಯವಾಗಲಿಲ್ಲ, ವೇಷ ಬದಲಿಸಿದ. ಕಾರ್ಟನ್ ಒಡೆಯುವ ಕೆಲಸ ನಮ್ಮ ಪ್ಯಾಕಿಂಗ್ ಮೇಜಿಗೆ ಬಂತು, ವ್ಯಾನಿನ ಕೆಲಸ ಕೊರಿಯರಿಗೆ, ಗಿರಾಕಿ ಹುಡುಕುವ ಕೆಲಸ ಜಾಹೀರಾತಿಗೆ, ಹತ್ತು ಬಗೆಯ ಸರಕನ್ನು ಒಂದೆಡೆ ತೋರಿಸುವ ಕೆಲಸ ಮಾರ್ಕೆಟ್‌ಪ್ಲೇಸಿಗೆ. ಮಾರ್ಕೆಟ್‌ಪ್ಲೇಸ್ ಕೂಡ ಮಧ್ಯವರ್ತಿಯೇ. ಹಳೆಯ ಹೋಲ್‌ಸೇಲರ್ ಸರಕನ್ನು ಕೊಂಡು ಅಪಾಯ ಹೊರುತ್ತಿದ್ದರು. ಇವರು ಸಾಮಾನ್ಯವಾಗಿ ಕೊಳ್ಳದೆಯೇ ಕಮಿಷನ್ ಎಣಿಸುತ್ತಾರೆ.

ಹಾಗಾಗಿ ಬಿಡುವುದಕ್ಕಿಂತ ಬೆಸೆಯುವುದು ಮೇಲು ಎನಿಸಿತು. ತಯಾರಕ, ಹೋಲ್‌ಸೇಲರ್, ಅಂಗಡಿ ತಮ್ಮ ತಮ್ಮ ಲಾಭವನ್ನಷ್ಟೇ ನೋಡದೆ ಒಂದೇ ಘಟಕದಂತೆ ನಡೆದರೆ ಅದನ್ನು ಲಂಬ ಮಾರಾಟ ವ್ಯವಸ್ಥೆ ಎನ್ನುತ್ತಾರೆ. ಒಬ್ಬರೇ ಎಲ್ಲ ಹಂತದ ಒಡೆಯರಾಗಬಹುದು, ಒಬ್ಬ ಬಲಾಢ್ಯ ತನ್ನ ಗಾತ್ರದಿಂದಲೇ ಉಳಿದವರನ್ನು ನಡೆಸಬಹುದು, ಅಥವಾ ಒಪ್ಪಂದದಿಂದ ಕಟ್ಟಿಕೊಳ್ಳಬಹುದು. ಸಣ್ಣ ತಯಾರಕರಿಗೆ ಎಟುಕುವುದು ಒಪ್ಪಂದ.

ನಮ್ಮ ಒಪ್ಪಂದ ಹೀಗಿದೆ. ಆರ್ಡರ್ ನಮ್ಮ ಸೈಟಿಗೆ ಬರುತ್ತದೆ. ಆ ಪ್ರದೇಶದ ಹೋಲ್‌ಸೇಲರ್‌ನ ವ್ಯಾನು ಮಾಮೂಲಿ ಸುತ್ತಿನಲ್ಲೇ ಸರಕನ್ನು ಗಿರಾಕಿಗೆ ಹತ್ತಿರದ ಅಂಗಡಿಗೆ ಮುಟ್ಟಿಸುತ್ತದೆ, ಗಿರಾಕಿ ಅಲ್ಲಿಂದ ಒಯ್ಯುತ್ತಾರೆ. 400ರ ಆರ್ಡರಿನಲ್ಲಿ ಹೋಲ್‌ಸೇಲರಿಗೆ ಎಂದಿನ 32, ಅಂಗಡಿಗೆ 40, ಪಾವತಿ ಶುಲ್ಕ 8, ಜಾಹೀರಾತು 30. ಉಳಿಯುವುದು 290, ಬಲ್ಬಿಗೆ 72.50. ಹಳೆಯ 72ಕ್ಕಿಂತ ಹೆಚ್ಚೇನೂ ಅಲ್ಲ, ನಿಜ. ಆದರೆ ಯಾವ ಮಾದರಿ ಯಾವ ವಾರ ಯಾರ ಕೈಗೆ ಹೋಯಿತು ಎಂಬುದು ಈಗ ನಮ್ಮ ಕಣ್ಣೆದುರಿಗಿದೆ. ಬಲ್ಬನ್ನು ಅಂಗಡಿಯಲ್ಲೇ ಉರಿಸಿ ನೋಡಿ ಒಯ್ಯುವುದರಿಂದ ವಾಪಸಾತಿಯೂ ಇಳಿಯುತ್ತದೆ.

ಇಲ್ಲಿ ಮೊದಲು ಕೆಡುವುದು ಸ್ಟಾಕಿನ ಎಣಿಕೆ. ಗೋಡೌನಿನ ಪುಸ್ತಕದಲ್ಲಿ 400 ಬಲ್ಬು ಇದ್ದರೂ ಬೆಳಿಗ್ಗೆ ವ್ಯಾನಿಗೆ ಏರಿದ್ದು ಸಂಜೆಯವರೆಗೆ ಪುಸ್ತಕಕ್ಕೆ ಏರಿರುವುದಿಲ್ಲ. ಅದಕ್ಕೇ ಎರಡು ದಿನದ ಮಾರಾಟ ಕಳೆದು ಸೈಟಿನಲ್ಲಿ ತೋರಿಸುತ್ತೇವೆ: ದಿನಕ್ಕೆ 60 ಹೋಗುವ ಕಡೆ 400ರ ಬದಲು 280.

ಎರಡನೆಯ ತೊಂದರೆಗೆ ಕಾರಣ ನಾವೇ. ತಿಂಗಳ ಕೊನೆಗೆ ಗುರಿ ಮುಟ್ಟಲು ‘50 ಕಾರ್ಟನ್ ಎತ್ತಿದರೆ ಇಷ್ಟು ರಿಯಾಯಿತಿ’ ಎಂದು ಸ್ಕೀಮ್ ಬಿಡುತ್ತೇವೆ. 30 ಬೇಕಿದ್ದವರು ರಿಯಾಯಿತಿಯ ಆಸೆಗೆ 50 ಎತ್ತುತ್ತಾರೆ, ಮಿಕ್ಕ 20 ಹತ್ತೇ ದಿನದಲ್ಲಿ ಆನ್‌ಲೈನಿನಲ್ಲಿ ಯಾವುದೋ ಹೆಸರಿನಲ್ಲಿ 76ಕ್ಕೆ ಕಾಣಿಸಿಕೊಳ್ಳುತ್ತದೆ. 80 ಕೊಟ್ಟು ಕೊಂಡ ಅಂಗಡಿಯವರು ಮುನಿಸಿಕೊಳ್ಳದೆ ಏನು ಮಾಡಿಯಾರು? ಪತ್ತೆಗೆ ದಾರಿ ಒಂದೇ: ಅಲ್ಲಿಂದ ಒಂದು ಬಲ್ಬು ಕೊಂಡು ತಳದ ಅಚ್ಚು ಓದುವುದು. ಬ್ಯಾಚ್ ಸಂಖ್ಯೆಯ ಕೊನೆಗೆ ಆ ಕಾರ್ಟನ್ ಯಾರಿಗೆ ಹೋಯಿತೆಂಬ ಎರಡಂಕಿಯ ಗುರುತನ್ನು ಕಾರ್ಖಾನೆಯಲ್ಲೇ ಹಾಕಿಸಿರಬೇಕು. ರಟ್ಟಿನ ಮೇಲಿನ ಸ್ಟಿಕ್ಕರ್ ಸಾಲದು, ಅದನ್ನು ಕಿತ್ತೇ ಮಾರುತ್ತಾರೆ.

ಸಿಕ್ಕಿದ ಮೇಲೂ ‘ಇದಕ್ಕಿಂತ ಕಡಿಮೆಗೆ ಮಾರಬೇಡಿ’ ಎಂದು ಬರೆಸಿಕೊಳ್ಳುವಂತಿಲ್ಲ. ಮರುಮಾರಾಟದ ಬೆಲೆ ಕಟ್ಟಿಹಾಕುವುದು ಹಲವು ದೇಶಗಳಲ್ಲಿ ಸ್ಪರ್ಧಾ ಕಾನೂನಿಗೆ ವಿರುದ್ಧ. ಫಲ ಕೊಟ್ಟದ್ದು ಸ್ಕೀಮಿನ ಬುಡವನ್ನೇ ಬದಲಿಸಿದ್ದು. ಈಗ ರಿಯಾಯಿತಿ ನಮ್ಮಿಂದ ಎತ್ತಿದ್ದಕ್ಕಲ್ಲ, ಹೋಲ್‌ಸೇಲರ್ ತಮ್ಮ ಅಂಗಡಿಗಳಿಗೆ ಹಾಕಿದ ಬಿಲ್ಲಿಗೆ. ವಾರಕ್ಕೊಮ್ಮೆ ಆ ಬಿಲ್ಲಿನ ಪಟ್ಟಿ ಬಂದರೆ ಮಾತ್ರ ಅವರ ಖಾತೆಗೆ ಜಮೆ.

ನೇರ ಕೊರಿಯರನ್ನು ಪೂರ್ತಿ ಕೈಬಿಟ್ಟಿಲ್ಲ. ಸಾವಿರದ ಮೇಲಿನ ಬೆಲೆಯ ಅಲಂಕಾರಿಕ ದೀಪಗಳನ್ನು ವರ್ಷಕ್ಕೆ ನಾಲ್ಕು ಹೋಗುವ ಸರಕೆಂದು ಯಾವ ಹೋಲ್‌ಸೇಲರೂ ಗೋಡೌನಿನಲ್ಲಿ ಇಡುವುದಿಲ್ಲ. 1,200ರ ಒಂದು ದೀಪಕ್ಕೂ ಕೊರಿಯರ್ ಅದೇ 48, ಜಾಹೀರಾತು ಅದೇ 30. ವಾಪಸಾತಿ ಕಳೆದ ಮೇಲೂ ನೂರಕ್ಕೆ 74 ನಿಲ್ಲುತ್ತದೆ. ಆ ಏಳೆಂಟು ಮಾದರಿಗಳು ಮಾತ್ರ ನಮ್ಮ ಪ್ಯಾಕಿಂಗ್ ಮೇಜಿನಿಂದಲೇ ಹೋಗುತ್ತವೆ.