ಅರಿಶಿನ ಮೆತ್ತುವ ಮೊದಲು ನಲ್ಲಿ ತಿರುಗಿಸಿ

ಕಳೆದ ಜುಲೈನಲ್ಲಿ ಮುಂಬೈಯ ಮುಲುಂಡಿನ ನಮ್ಮ ಗಲ್ಲಿಯಲ್ಲಿ ಮೊಣಕಾಲಿನ ತನಕ ನೀರು ನಿಂತಿತ್ತು. ಸ್ಟೇಷನ್‌ನಿಂದ ನಡೆದು ಬರುವಾಗ ನೀರೊಳಗೆ ಎದ್ದು ನಿಂತ ಪೇವರ್ ಬ್ಲಾಕ್ ಕಾಣಲಿಲ್ಲ. ಎಡವಿ ಬಿದ್ದೆ, ಮೊಣಕಾಲಿನ ಕೆಳಗೆ ಒಂದೂವರೆ ಇಂಚು ಕೊಯ್ದಿತು. ಮನೆಗೆ ಬಂದದ್ದೇ ಅತ್ತೆ ಮಸಾಲೆ ಡಬ್ಬಿ ತೆರೆದರು. "ಕೂತ್ಕೋ ಮಾರಾಯ್ತಿ, ಅರಿಶಿನ ಒತ್ತಿದರೆ ರಕ್ತ ನಿಲ್ತದೆ." ತೆಂಗಿನೆಣ್ಣೆಯಲ್ಲಿ ಕಲಸಿ ದಪ್ಪಗೆ ಮೆತ್ತಿದರು. ರಕ್ತ ನಿಂತಿತು. ನಾನೂ ಸುಮ್ನೆ ಮಲಗಿದೆ.

ಮೂರನೇ ದಿನ ಕಾಲು ಬಿಗಿದು, ನಾಡಿ ಮಿಡಿದ ಹಾಗೆ ನೋಯತೊಡಗಿತು. ಡಾಕ್ಟರು ಒಣಗಿದ ಹಳದಿ ಹಕ್ಕಳೆಯನ್ನು ನೆನೆಸಿ ತೆಗೆದರು. ಅಡಿಯಲ್ಲಿ ಕೀವು, ಜೊತೆಗೆ ರಸ್ತೆಯ ಮರಳಿನ ಮೂರು ಕಾಳು.

ತಪ್ಪು ಅರಿಶಿನದ್ದು ಅನ್ನುವುದಕ್ಕಿಂತ ಸರದಿಯದ್ದು. ಅರಿಶಿನದ ಕರ್ಕ್ಯುಮಿನ್ ಉರಿಯೂತ ತಗ್ಗಿಸುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ, ನಿಜ. ಆದರೆ ಡಬ್ಬಿಯ ಪುಡಿ ಮಣ್ಣಿನಡಿ ಬೆಳೆದು, ಅಂಗಳದಲ್ಲಿ ಒಣಗಿ, ಗಿರಣಿಯಲ್ಲಿ ಪುಡಿಯಾದ ಗೆಡ್ಡೆ. ಅದು ಕ್ರಿಮಿರಹಿತವಲ್ಲ. ಒದ್ದೆ ಚಮಚ ಎಷ್ಟು ಸಲ ಅದರೊಳಗೆ ಹೋಗಿದೆಯೋ! ರಕ್ತ ನಿಂತದ್ದರಲ್ಲೂ ಪುಡಿಗಿಂತ ಒತ್ತಿದ ಅತ್ತೆಯ ಬೆರಳಿನ ಪಾಲೇ ಜಾಸ್ತಿ.

ಹಾಗಾದರೆ ಮಾಡುವುದು ಹೇಗೆ? ಮೊದಲು ನಿಮ್ಮ ಕೈಗೆ ಸೋಪು. ಆಮೇಲೆ ಒಗೆದ ಹತ್ತಿ ಬಟ್ಟೆಯಿಂದ ಗಾಯವನ್ನು 10 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತಾ ಅಂತ ನಡುನಡುವೆ ಎತ್ತಿ ನೋಡಬೇಡಿ, ಕಟ್ಟುತ್ತಿರುವ ಹೆಪ್ಪು ಕಿತ್ತುಬರುತ್ತದೆ. ರಕ್ತ ನಿಂತ ಮೇಲೆ ಕಾಲನ್ನು ನಲ್ಲಿಯ ಕೆಳಗೆ ಇಟ್ಟು ಐದರಿಂದ ಹತ್ತು ನಿಮಿಷ ನೀರು ಹರಿಸಿ. ಕುಡಿಯುವ ನಲ್ಲಿ ನೀರೇ ಸಾಕು. ಸೋಪು ಸುತ್ತಲಿನ ಚರ್ಮಕ್ಕೆ ಮಾತ್ರ. ಸ್ವಲ್ಪ ರಕ್ತ ಮತ್ತೆ ಜಿನುಗಿದರೆ ಹೆದರಬೇಡಿ, ಇನ್ನೊಮ್ಮೆ ಒತ್ತಿ. ಬೆಳಕಿಗೆ ಹಿಡಿದು ನೋಡಿದಾಗ ಒಂದು ಕಪ್ಪು ಚುಕ್ಕೆಯೂ ಕಾಣಬಾರದು. ತೊಳೆದರೂ ಹೋಗದ ಕಲ್ಲು, ಬಾಯಿ ಬಿಟ್ಟುಕೊಂಡ ಗಾಯ, ನಿಲ್ಲದ ರಕ್ತ, ಇವು ಮನೆಯ ಕೆಲಸವಲ್ಲ. ಹೊಲಿಗೆ ಬೇಕಾದರೆ ಅದೇ ದಿನ ಹೋಗಬೇಕು. ಉಳಿದದ್ದಕ್ಕೆ ತೆಳ್ಳಗೆ ವ್ಯಾಸಲೀನ್, ಮೇಲೊಂದು ಬ್ಯಾಂಡೇಜ್, ದಿನಕ್ಕೊಮ್ಮೆ ಬದಲು.

ಆಗಲೇ ಅರಿಶಿನ ಮೆತ್ತಿಬಿಟ್ಟಿದ್ದರೆ ಕೆರೆಯಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಕಾಲು ಗಂಟೆ ಇಟ್ಟರೆ ಹಕ್ಕಳೆ ಮೆತ್ತಗಾಗಿ ಬರುತ್ತದೆ. ಆಮೇಲೆ ಮೇಲಿನ ಹಾಗೇ ತೊಳೆಯಿರಿ. ಹಳದಿ ಬಣ್ಣ ಒಂದೆರಡು ದಿನ ಉಳಿಯುತ್ತದೆ, ತೊಂದರೆ ಇರುವುದೂ ಅಲ್ಲೇ. ಗಾಯ ಕೆಡುತ್ತಿದೆ ಅಂತ ಗೊತ್ತಾಗುವುದು ಸುತ್ತಲಿನ ಕೆಂಪು ಹರಡುವುದರಿಂದ. ಹಳದಿಯ ಮೇಲೆ ಆ ಕೆಂಪು ಕಾಣುವುದಿಲ್ಲ. ಅಂಥಾಗ ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ: ಇನ್ನೊಂದು ಕಾಲಿಗಿಂತ ಬಿಸಿಯಿದೆಯಾ? ಊತದ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದಿಡಿ. ಕೆಲವು ಗಂಟೆಯಲ್ಲಿ ಊತ ಗೆರೆ ದಾಟಿದರೆ, ಎರಡನೇ ದಿನದ ನೋವು ಮೊದಲನೇ ದಿನಕ್ಕಿಂತ ಹೆಚ್ಚಾದರೆ, ಕೀವು ಅಥವಾ ಜ್ವರ ಬಂದರೆ ಡಾಕ್ಟರರ ಹತ್ತಿರ ಹೊರಡಿ.

ಮುಂಬೈ ಮಳೆಯಲ್ಲಿ ಇನ್ನೊಂದು ವಿಷಯವಿದೆ. ನಿಂತ ನೀರಿನಲ್ಲಿ ಇಲಿ ಮೂತ್ರ ಸೇರಿರಬಹುದು, ಕೊಯ್ದ ಚರ್ಮದಿಂದ ಲೆಪ್ಟೊ, ಅಂದರೆ ಇಲಿಜ್ವರದ ರೋಗಾಣು, ಒಳಗೆ ಹೋಗಬಹುದು. ಅಂಥ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರರನ್ನು ಕಂಡು ತಡೆಗಟ್ಟುವ ಮಾತ್ರೆ ಕೇಳಬೇಕೆಂದು ಮಹಾನಗರಪಾಲಿಕೆ ಮಳೆಗಾಲದಲ್ಲಿ ಹೇಳುತ್ತಿರುತ್ತದೆ. ನನ್ನ ಮೂರು ದಿನವೂ ಅರಿಶಿನದಡಿಯಲ್ಲೇ ಮುಗಿದಿತ್ತು. ಟಿಟಿ ಇಂಜೆಕ್ಷನ್ ಕೂಡ ಆಗಲೇ ನೆನಪಾದದ್ದು. ಕೊಳಕು ಗಾಯಕ್ಕೆ, ಹಿಂದಿನ ಡೋಸ್ 5 ವರ್ಷ ದಾಟಿದ್ದರೆ, ಮತ್ತೆ ಬೇಕಾಗುತ್ತದೆ.

ಸುಟ್ಟ ಗಾಯಕ್ಕೂ ಸರದಿ ಇದೇ, ಆದರೆ ಗಡಿಯಾರ ಇನ್ನೂ ಬಿರುಸು. ಕುಕ್ಕರ್ ಆವಿ ಬಡಿದ ಕೈಯಿಂದ ಮೊದಲು ಬಳೆ, ಉಂಗುರ ತೆಗೆದು, ಕೈಯನ್ನು 20 ನಿಮಿಷ ಹರಿಯುವ ತಂಪು ನೀರಿನ ಕೆಳಗೆ ಹಿಡಿಯಬೇಕು. ಐಸ್ ಬೇಡ. ಎಣ್ಣೆ ಬೆರೆಸಿದ ಅರಿಶಿನ ಮೆತ್ತಿದರೆ ಶಾಖ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ, ಎಷ್ಟು ಆಳ ಸುಟ್ಟಿದೆ ಅಂತ ಡಾಕ್ಟರರಿಗೂ ಕಾಣುವುದಿಲ್ಲ. ಬೊಬ್ಬೆ ಒಡೆಯಬೇಡಿ, ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ. ಸುಟ್ಟ ಜಾಗ ಗಾಯಗೊಂಡವರ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕೈ, ಗಂಟುಗಳ ಮೇಲೆ ಇದ್ದರೆ ಆಸ್ಪತ್ರೆಗೆ ಹೋಗಿ. ಮಗುವಾದರೆ ಸಣ್ಣ ಗಾಯವಾದರೂ ತೋರಿಸಿ.

ಅತ್ತೆ ಈಗಲೂ ಡಬ್ಬಿ ತೆರೆಯುತ್ತಾರೆ. ಆದರೆ ನಲ್ಲಿಯ ಕೆಳಗೆ ಹಿಡಿದ ಕೈ ಕಂಡರೆ ಮಾತ್ರ ಕೈ ತಡೆದು, "ಎಷ್ಟು ನಿಮಿಷ ಆಯ್ತು?" ಅಂತ ಕೇಳುತ್ತಾರೆ.